ಚಾಪ ಬರೆಸಿದ್ದು ಸಾಕು, ಇನ್ನು ಕತ್ತರಿಸಿ ಕೇಳಿ

ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ‘ನಿಯಂತ್ರಣ ಮತ್ತು ಸಹಭಾಗಿತ್ವ’ ಪಾಠ ಮುಗಿಸಿದ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಒಂದು ಪ್ರಶ್ನೆಯನ್ನು ಬಾಯಿಪಾಠದಂತೆ ಒಪ್ಪಿಸುತ್ತಾನೆ: ‘ಪರಾವರ್ತಿತ ಚಾಪದ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’. ಉತ್ತರವೂ ಕೈಗೆ ಕರಗತ. ಚರ್ಮದಲ್ಲಿ ಗ್ರಾಹಕ, ಅಲ್ಲಿಂದ ಜ್ಞಾನವಾಹಿ ನರಕೋಶ, ಮೆದುಳುಬಳ್ಳಿಯೊಳಗೆ ಸಂಬಂಧ ಕಲ್ಪಿಸುವ ನರಕೋಶ, ಅಲ್ಲಿಂದ ಹೊರಡುವ ಕ್ರಿಯಾವಾಹಿ ನರಕೋಶ, ಕೊನೆಗೆ ಸ್ನಾಯು. ಐದು ಹೆಸರು ಸರಿಯಾಗಿ ಬಿದ್ದರೆ ಅಂಕವೂ ಬೀಳುತ್ತದೆ. ಚಿತ್ರವನ್ನು ಅಚ್ಚುಕಟ್ಟಾಗಿ ಬರೆದ ಅದೇ ಹುಡುಗನಿಗೆ ‘ಈ ದಾರಿ ಇಲ್ಲಿ ಕಡಿದರೆ ಏನಾಗುತ್ತದೆ?’ ಎಂದು ಪೆನ್ಸಿಲ್ ತುದಿಯಿಂದ ತೋರಿಸಿ ಕೇಳಿ ನೋಡಿ. ಬಹಳಷ್ಟು ಮಕ್ಕಳು ತಡವರಿಸುವುದು ಇಲ್ಲಿಯೇ. ಚಿತ್ರ ನೆನಪಿಗೆ ಬಂದಿರುತ್ತದೆ, ಸಂದೇಶ ಹರಿಯುವ ಬಗೆ ತಲೆಗೆ ಹತ್ತಿರುವುದಿಲ್ಲ.

ಈ ಚಿತ್ರ ಹುಟ್ಟಿದ್ದೇ ಕತ್ತರಿಸಿ ನೋಡಿದ್ದರಿಂದ. ಮೆದುಳುಬಳ್ಳಿಯಿಂದ ಹೊರಡುವ ಪ್ರತಿ ನರಕ್ಕೂ ಎರಡು ಬೇರುಗಳಿವೆ. ಒಂದು ಬೆನ್ನಿನ ಕಡೆ, ಇನ್ನೊಂದು ಹೊಟ್ಟೆಯ ಕಡೆ. ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ 1811ರಲ್ಲಿ ಮುಂಬದಿಯ ಬೇರಿಗೂ ಚಲನೆಗೂ ನಂಟಿದೆ ಎಂದು ಬರೆದ. ಫ್ರಾನ್ಸಿನ ಫ್ರಾನ್ಸ್ವಾ ಮಜಾಂಡಿ 1822ರಲ್ಲಿ ನಾಯಿಮರಿಗಳಲ್ಲಿ ಈ ಬೇರುಗಳನ್ನು ಬೇರೆ ಬೇರೆಯಾಗಿ ಕತ್ತರಿಸಿದ. ಹಿಂಬದಿಯದು ಹೋದಾಗ ಕಾಲಿಗೆ ಸ್ಪರ್ಶ ತಿಳಿಯಲಿಲ್ಲ, ಚಲನೆ ಉಳಿದಿತ್ತು. ಮುಂಬದಿಯದು ಹೋದಾಗ ಕಾಲು ಸೋತಿತು, ಸ್ಪರ್ಶ ಉಳಿದಿತ್ತು. ಇಂದು ಆ ಪ್ರಯೋಗದ ಕ್ರೌರ್ಯವನ್ನು ಒಪ್ಪುವುದು ಕಷ್ಟ. ಆದರೂ ಸಂದೇಶ ಒಂದು ಬಾಗಿಲಿನಿಂದ ಒಳಬಂದು ಮತ್ತೊಂದರಿಂದ ಹೊರಹೋಗುತ್ತದೆ ಎಂದು ಖಚಿತವಾದದ್ದು ಅದರಿಂದಲೇ.

ಅದನ್ನೇ ಪ್ರಶ್ನೆಯಾಗಿಸಬಹುದು. ಹೊಲದ ಬದುವಿನಲ್ಲಿ ಬರಿಗಾಲಲ್ಲಿ ನಡೆಯುವಾಗ ಬಲಗಾಲಿಗೆ ಮುಳ್ಳು ಚುಚ್ಚಿತು, ಕಾಲು ಥಟ್ಟನೆ ಮೇಲೆದ್ದಿತು ಎಂದುಕೊಳ್ಳಿ. ಹೆಸರುಗಳಿಲ್ಲದ ಚಾಪದ ಚಿತ್ರ ಕೊಟ್ಟು, ಅದರ ಮೇಲೆ ಅ, ಆ, ಇ ಎಂದು ಮೂರು ಕಡೆ ಗೆರೆ ಎಳೆಯಿರಿ. ಪ್ರತಿಯೊಂದಕ್ಕೂ ಕೇಳಬೇಕಾದ್ದು ಎರಡೇ: ಕಾಲು ಮೇಲೇಳುತ್ತದೆಯೇ? ನೋವು ತಿಳಿಯುತ್ತದೆಯೇ?

‘ಅ’ ಇರುವುದು ಜ್ಞಾನವಾಹಿ ನರಕೋಶ ಮೆದುಳುಬಳ್ಳಿಯನ್ನು ಸೇರುವ ಹಿಂಬದಿಯ ಬೇರಿನಲ್ಲಿ. ಆ ಪಾದದಿಂದ ಬರುವ ಇಂಥ ಬೇರುಗಳೆಲ್ಲ ಕಡಿದಿದ್ದರೆ ಸಂದೇಶ ಒಳಗೇ ಬರುವುದಿಲ್ಲ. ಕಾಲು ತಾನಾಗಿ ಏಳದು, ನೋವೂ ತಿಳಿಯದು. ಆದರೆ ಮುಳ್ಳನ್ನು ಕಣ್ಣಾರೆ ಕಂಡು ಕಾಲೆತ್ತಬೇಕೆಂದರೆ ಎತ್ತಬಹುದು, ಏಕೆಂದರೆ ಮೆದುಳಿನಿಂದ ಸ್ನಾಯುವಿಗೆ ಇಳಿಯುವ ದಾರಿ ತೆರೆದೇ ಇದೆ. ‘ಆ’ ಮುಂಬದಿಯ ಬೇರಿನಲ್ಲಿದೆ. ಇಲ್ಲಿ ನೋವು ಚೆನ್ನಾಗಿ ತಿಳಿಯುತ್ತದೆ, ಕೂಗಬಹುದು, ಕೈಯಿಂದ ಕಾಲನ್ನು ಎಳೆದುಕೊಳ್ಳಬಹುದು. ಕಾಲು ಮಾತ್ರ ತಾನಾಗಿಯೂ ಏಳದು, ಬೇಕೆಂದರೂ ಏಳದು.

ನಿಜವಾದ ಪರೀಕ್ಷೆ ‘ಇ’. ಅದು ಚಾಪಕ್ಕಿಂತ ಮೇಲೆ, ಎದೆಯ ಮಟ್ಟದಲ್ಲಿ, ಮೆದುಳುಬಳ್ಳಿಗೇ ಅಡ್ಡಲಾಗಿ ಬಿದ್ದ ಗೆರೆ. ಗ್ರಾಹಕದಿಂದ ಸ್ನಾಯುವಿನವರೆಗಿನ ಐದೂ ಕೊಂಡಿಗಳು ಗೆರೆಯ ಕೆಳಗೆ ಇಡಿಯಾಗಿವೆ, ಹಾಗಾಗಿ ಮುಳ್ಳು ಚುಚ್ಚಿದರೆ ಕಾಲು ಏಳುತ್ತದೆ. ಆದರೆ ಆ ವ್ಯಕ್ತಿಗೆ ಚುಚ್ಚಿದ್ದೂ ಗೊತ್ತಾಗದು, ಬೇಕೆಂದಾಗ ಕಾಲೆತ್ತಲೂ ಆಗದು. ‘ಮೆದುಳು ತೀರ್ಮಾನಿಸಿ ಕಾಲನ್ನು ಎತ್ತಿಸಿತು’ ಎಂದು ನಂಬಿದ ವಿದ್ಯಾರ್ಥಿ ಇಲ್ಲಿ ತಪ್ಪು ಬರೆಯುತ್ತಾನೆ. ಮೆದುಳಿಗೆ ಹೋಗುವುದು ಸುದ್ದಿಯ ಇನ್ನೊಂದು ಕವಲು ಎಂದು ತಿಳಿದವನು ಸರಿ ಬರೆಯುತ್ತಾನೆ. ಒಂದು ಎಚ್ಚರಿಕೆ ಬೇಕು. ಬೆನ್ನುಮೂಳೆಗೆ ಪೆಟ್ಟಾದ ಹೊಸತರಲ್ಲಿ, ಕೆಲವು ದಿನಗಳಿಂದ ವಾರಗಳವರೆಗೆ, ಪೆಟ್ಟಿನ ಕೆಳಗಿನ ಪರಾವರ್ತನೆಗಳೂ ಅಡಗಿರುತ್ತವೆ, ಆಮೇಲೆ ಮರಳುತ್ತವೆ. ಅದಕ್ಕೇ ಪ್ರಶ್ನೆಯಲ್ಲಿ ‘ಪೆಟ್ಟಾಗಿ ಹಲವು ತಿಂಗಳಾದ ಮೇಲೆ’ ಎಂದು ಸೇರಿಸಬೇಕು. ಇಂಥ ರೋಗಿಯ ಕಾಲು ಮಿಡುಕಿದಾಗ ‘ಸ್ವಾಧೀನ ಬಂತು’ ಎಂದು ಮನೆಯವರು ಹಿಗ್ಗುವುದುಂಟು. ಆ ಮಿಡುಕು ಮಾತ್ರದಿಂದ ಹಾಗೆ ಹೇಳಲಾಗದು ಎಂಬುದನ್ನು ಹತ್ತನೇ ತರಗತಿಯ ಈ ಚಿತ್ರವೇ ವಿವರಿಸಬಲ್ಲದು.

ಮೊದಲ ಎರಡು ಗೆರೆಗಳಿಗೂ ನಮ್ಮ ಊರುಗಳಲ್ಲಿ ಉದಾಹರಣೆಗಳಿವೆ. ಕುಷ್ಠರೋಗ ಕೈಕಾಲುಗಳ ನರಗಳನ್ನೇ ಕೆಡಿಸುತ್ತದೆ. ಪಾದಕ್ಕೆ ಚುಚ್ಚಿದ್ದು ಅರಿವಾಗದೆ ಅದೇ ಗಾಯದ ಮೇಲೆ ನಡೆದು ನಡೆದು ಹುಣ್ಣಾಗುತ್ತದೆ. ಪೋಲಿಯೊ ವೈರಸ್ ಹಾಳುಮಾಡುವುದು ಮೆದುಳುಬಳ್ಳಿಯ ಮುಂಭಾಗದಲ್ಲಿರುವ ಕ್ರಿಯಾವಾಹಿ ನರಕೋಶಗಳ ಕಾಯವನ್ನು. ಅಲ್ಲಿ ಸ್ಪರ್ಶ, ನೋವು ಎಲ್ಲ ಇದ್ದೂ ಕಾಲು ಬಲ ಕಳೆದುಕೊಳ್ಳುತ್ತದೆ. ‘ಇವೆರಡರಲ್ಲಿ ಚಾಪದ ಯಾವ ಕೊಂಡಿ ಕಳಚಿದೆ?’ ಎಂಬ ಒಂದೇ ಸಾಲಿನ ಪ್ರಶ್ನೆ ಪುಟ ತುಂಬ ಬರೆಸುವ ವಿವರಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಚಿತ್ರ ಓದಲು ಮಕ್ಕಳಿಗೆ ಕಲಿಸಬೇಕಾದ ಗುರುತು ಒಂದಿದೆ. ಬಾಣದ ತುದಿಗಳಿಲ್ಲದೆ ಚಾಪದ ಚಿತ್ರ ಕೊಟ್ಟರೆ ಒಳಬರುವ ದಾರಿ ಯಾವುದೆಂದು ಹೇಗೆ ತಿಳಿಯುವುದು? ಎಡ, ಬಲ, ಮೇಲೆ, ಕೆಳಗೆ ಎಂಬುದನ್ನು ನಂಬುವಂತಿಲ್ಲ, ಚಿತ್ರ ತಿರುಗಿಸಿದರೆ ಅದು ಬದಲಾಗುತ್ತದೆ. ನಂಬಬೇಕಾದ್ದು ನರಕೋಶದ ಕಾಯ ಎಲ್ಲಿದೆ ಎಂಬುದನ್ನು. ಜ್ಞಾನವಾಹಿ ನರಕೋಶದ ಕಾಯ ಮೆದುಳುಬಳ್ಳಿಯ ಹೊರಗೆ, ಹಿಂಬದಿಯ ಬೇರಿನ ಮೇಲಿನ ಉಬ್ಬಿನಲ್ಲಿರುತ್ತದೆ. ಕ್ರಿಯಾವಾಹಿ ನರಕೋಶದ ಕಾಯ ಮೆದುಳುಬಳ್ಳಿಯ ಒಳಗೆ, ಬೂದು ಬಣ್ಣದ ಭಾಗದಲ್ಲಿರುತ್ತದೆ. ಉಬ್ಬು ಇರುವ ಬೇರು ಒಳಬರುವ ದಾರಿ. ಚಿತ್ರ ಹೇಗೆ ತಿರುಗಿದರೂ ಇದು ಬದಲಾಗದು. ಬೇಸರದ ಸಂಗತಿಯೆಂದರೆ ಮಕ್ಕಳು ಉರು ಹೊಡೆಯುವ ಎಷ್ಟೋ ಗೈಡುಗಳ ಚಿತ್ರದಲ್ಲಿ ಈ ಉಬ್ಬೇ ಇರುವುದಿಲ್ಲ.

ಚಿತ್ರದ ಮಿತಿಯನ್ನೂ ಹೇಳಿಕೊಡಬೇಕು. ಎಲ್ಲ ಪರಾವರ್ತನೆಗೂ ಐದೇ ಕೊಂಡಿ ಎಂದು ಮಕ್ಕಳು ತಿಳಿಯುತ್ತಾರೆ. ವೈದ್ಯರು ಮಂಡಿಚಿಪ್ಪಿನ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದಾಗ ಕಾಲು ಮುಂದಕ್ಕೆ ಚಿಮ್ಮುತ್ತದಲ್ಲ, ಅಲ್ಲಿ ಜ್ಞಾನವಾಹಿ ನರಕೋಶ ನೇರವಾಗಿ ಕ್ರಿಯಾವಾಹಿ ನರಕೋಶವನ್ನೇ ಮುಟ್ಟುತ್ತದೆ, ನಡುವೆ ಸಂಬಂಧ ಕಲ್ಪಿಸುವ ನರಕೋಶವಿಲ್ಲ. ಗ್ರಾಹಕ ಕೂಡ ಚರ್ಮದಲ್ಲಿಲ್ಲ. ತೊಡೆಯ ಮುಂಭಾಗದ ಸ್ನಾಯುವಿನೊಳಗೇ ಇದ್ದು, ಆ ಸ್ನಾಯು ಎಳೆಯಲ್ಪಟ್ಟಾಗ ಎಚ್ಚರಗೊಳ್ಳುತ್ತದೆ. ಮುಳ್ಳು ತುಳಿದಾಗಲೂ ಬಲಗಾಲು ಮೇಲೆದ್ದರಷ್ಟೇ ಸಾಲದು, ಎಡಗಾಲು ಬಿಗಿದು ನಿಲ್ಲದಿದ್ದರೆ ಬೀಳುತ್ತೇವೆ. ಸಂದೇಶ ಮೆದುಳುಬಳ್ಳಿಯಲ್ಲಿ ಆಚೆ ಬದಿಗೂ ದಾಟುತ್ತದೆ. ಪಠ್ಯದ ಒಂಟಿ ಗೆರೆಯಲ್ಲಿ ಅದು ಕಾಣುವುದಿಲ್ಲ.

ಹೀಗೆ ಕೇಳಿದರೆ ಮೌಲ್ಯಮಾಪನ ಕಷ್ಟ ಎಂಬ ಆಕ್ಷೇಪ ಬರಬಹುದು. ವಾಸ್ತವ ಅದಕ್ಕೆ ತಿರುಗುಮುರುಗು. ‘ಅಂದವಾದ ಚಿತ್ರ’ ಎಂಬುದಕ್ಕೆ ಅಳತೆಗೋಲಿಲ್ಲ. ಕೈ ನಡುಗುವ ಮಗು ವಿಷಯ ಗೊತ್ತಿದ್ದೂ ಅಂಕ ಕಳೆದುಕೊಳ್ಳುತ್ತದೆ. ‘ಏಳುತ್ತದೆ, ಏಳುವುದಿಲ್ಲ’ ಎಂಬ ಉತ್ತರದೊಂದಿಗೆ ಒಂದು ಸಾಲಿನ ಕಾರಣ ಬರೆಸಿದರೆ ಮೌಲ್ಯಮಾಪಕರ ನಡುವೆ ವ್ಯತ್ಯಾಸಕ್ಕೆ ಎಡೆ ಕಡಿಮೆ. ಬರೀ ಊಹೆಯಿಂದ ಅಂಕ ಗಿಟ್ಟದಂತೆ ತಡೆಯಲೂ ಆ ಕಾರಣದ ಸಾಲು ಬೇಕು. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಮುಂದಿನ ಮಾದರಿ ಪತ್ರಿಕೆಯಲ್ಲೇ ಹೆಸರಿಲ್ಲದ ಚಾಪ ಕೊಟ್ಟು, ಅದರ ಮೇಲೆ ಒಂದು ಗೆರೆಯನ್ನಾದರೂ ಎಳೆದು ಕೇಳಲಿ.