ಚಕ್ರದಡಿಯ ನಿಂಬೆ, ಹಿಟ್ಟಿನ ಕೋಳಿ

ಪುಣೆಯಲ್ಲಾಗಲಿ ಮುಂಬಯಿಯಲ್ಲಾಗಲಿ, ಕನ್ನಡ ಜೈನ ಕುಟುಂಬವೊಂದು ಕಾರು ಕೊಂಡ ದಿನ ಷೋರೂಮಿನಿಂದ ಅದು ನೇರವಾಗಿ ಬಸದಿಯ ಮುಂದೆ ಬಂದು ನಿಲ್ಲುತ್ತದೆ. ಬಾನೆಟ್ಟಿನ ಮೇಲೆ ಸ್ವಸ್ತಿಕ ಬರೆದು, ಹಾರ ಹಾಕಿ, ತೆಂಗಿನಕಾಯಿ ಒಡೆದ ಮೇಲೆ ನಾಲ್ಕು ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣುಗಳನ್ನು ಇಡುತ್ತಾರೆ. ಯಜಮಾನನು ಗಾಡಿಯನ್ನು ಮುಂದಕ್ಕೆ ಚಲಿಸಬೇಕು, ನಾಲ್ಕೂ ನುಜ್ಜಾಗಬೇಕು.

ಸ್ವಸ್ತಿಕದ ಬಗ್ಗೆ ತಕರಾರಿಲ್ಲ, ಅದು ನಮ್ಮದೇ. ಆದರೆ ಆ ನಿಂಬೆ ಅಲ್ಲಿರುವುದು ಯಾರ ಬದಲಿಗೆ? ವಾಹನವು ಮುಂದೊಂದು ದಿನ ಕೇಳಬಹುದಾದ ಬಲಿಯನ್ನು ಇಂದೇ ಕೊಟ್ಟು ಮುಗಿಸುವ ಲೆಕ್ಕಾಚಾರವದು. ಆಯುಧಪೂಜೆಯ ಬೂದುಗುಂಬಳಕ್ಕೆ ಕುಂಕುಮ ತುಂಬಿ ಒಡೆಯುವಾಗ ಈ ಅರ್ಥಕ್ಕೆ ಮುಸುಕೂ ಉಳಿಯುವುದಿಲ್ಲ.

ಅಡುಗೆಮನೆಯಲ್ಲಿ ದಿನವೂ ನಿಂಬೆ ಹೆಚ್ಚುವವರಿಗೆ ಇದೊಂದು ದೋಷವೇ ಎಂದು ಕೇಳುವವರುಂಟು. ಅಡುಗೆಯದು ಆರಂಭೀ ಹಿಂಸೆ, ಗೃಹಸ್ಥನಿಗೆ ತಪ್ಪದ್ದು. ಬಲಿಯ ಭಾವದಿಂದ ಜಜ್ಜುವುದು ಸಂಕಲ್ಪದ ಮಾತು. ಏಕೇಂದ್ರಿಯ ಜೀವವಲ್ಲವೇ ಎಂಬ ಸಮಾಧಾನವೂ ಇಲ್ಲಿ ನಿಲ್ಲದು, ಏಕೆಂದರೆ ಹಿಟ್ಟಿನ ಕೋಳಿಗೆ ಒಂದು ಇಂದ್ರಿಯವೂ ಇರಲಿಲ್ಲ. ಜನ್ನನ ಯಶೋಧರ ಚರಿತೆಯನ್ನು ನೆನೆಯಬೇಕು. ಜೀವಂತ ಕೋಳಿಯನ್ನು ಕಡಿಯಲು ಒಪ್ಪದ ಅರಸನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಮಾರಿಗೆ ಒಪ್ಪಿಸಿದನು. ಆ ಸಂಕಲ್ಪಕ್ಕಾಗಿಯೇ ತಾಯಿಮಗ ಇಬ್ಬರೂ ಹಲವು ಜನ್ಮ ಪ್ರಾಣಿಗಳಾಗಿ ಬವಣೆಪಟ್ಟರು. ಈ ಕಥೆಯನ್ನು ಮಕ್ಕಳಿಗೆ ಹೇಳುವ ಮನೆಯಲ್ಲೇ ನಿಂಬೆ ಖರೀದಿಯಾಗುತ್ತದೆ! ಕೇಡು ಹೀಗೆ ಕಳೆಯುವುದೆಂದು ನಂಬುವುದಾದರೆ ಕರ್ಮಸಿದ್ಧಾಂತಕ್ಕೆ ಉಳಿದ ಕೆಲಸವೇನು? ಸಮಂತಭದ್ರರು ರತ್ನಕರಂಡಕದಲ್ಲಿ ಲೋಕಮೂಢತೆಯೆಂದು ಎಚ್ಚರಿಸಿದ್ದು ಇಂಥ ನಂಬಿಕೆಗಳನ್ನೇ.

ವಿಪರ್ಯಾಸವೆಂದರೆ ಅಪಾಯ ಆ ವಿಧಿಯಲ್ಲೇ ಇದೆ. ಹೊಸ ಆಟೋಮ್ಯಾಟಿಕ್ ಕಾರಿನಲ್ಲಿ ಬ್ರೇಕಿನಿಂದ ಕಾಲು ತೆಗೆದರೆ ಸಾಕು, ಗಾಡಿ ತಾನೇ ನಿಧಾನವಾಗಿ ಸಾಗುತ್ತದೆ. ಅದರ ಅರಿವಿಲ್ಲದವನು ನಿಂಬೆ ಜಜ್ಜಲೆಂದು ಆಕ್ಸಿಲರೇಟರ್ ಒತ್ತಿದರೆ ಗಾಡಿ ಮುನ್ನುಗ್ಗುತ್ತದೆ. ಮುಂದೆ ನಿಂತಿರುವವರು ಫೋಟೊ ತೆಗೆಯುತ್ತಿರುವ ಮನೆಯವರೇ. ಬೈಕಿನ ಪೆಟ್ರೋಲ್ ಟ್ಯಾಂಕಿನ ಬಳಿ ಕರ್ಪೂರ ಬೆಳಗುವುದು ಇನ್ನೊಂದು ಅವಿವೇಕ. ರಸ್ತೆಯಲ್ಲಿ ಬಿಟ್ಟುಹೋದ ಕಾಯಿಯ ಚಿಪ್ಪು, ಕುಂಬಳದ ತಿರುಳು ಮುಂದಿನ ಸ್ಕೂಟರಿನವನನ್ನು ಜಾರಿಸುತ್ತವೆ. ತನ್ನ ಕ್ಷೇಮಕ್ಕಾಗಿ ಪರರನ್ನು ಕೆಡಹುವ ಪೂಜೆಯನ್ನು ಅಹಿಂಸೆಯ ಯಾವ ಪುಟದಲ್ಲಿ ಬರೆಯಬೇಕು?

ತತ್ತ್ವಾರ್ಥಸೂತ್ರವು ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನೇ ಮೊದಲಿಗೆ ಇಡುತ್ತದೆ. ಮುನಿಗಳು ನಾಲ್ಕು ಮೊಳ ಮುಂದೆ ನೋಡಿ ಹೆಜ್ಜೆ ಇಡುವುದು ಈರ್ಯಾಸಮಿತಿ. ಚಾಲಕನ ಈರ್ಯಾಸಮಿತಿ ಎಂದರೆ ಕನ್ನಡಿ, ಬ್ರೇಕು, ಚಕ್ರದ ಗಾಳಿ, ಹಿಂದೆ ಕೂತವರ ಬೆಲ್ಟು. ಹೊಸ ಟೈರು ಆರಂಭದ ದಿನಗಳಲ್ಲಿ ರಸ್ತೆಯನ್ನು ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ತಿರುವಿನಲ್ಲಿ ವೇಗ ತಗ್ಗಿಸಬೇಕು. ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನಂತೆ 4 ವರ್ಷ ಮೀರಿದ ಮಗುವಿಗೂ ಹೆಲ್ಮೆಟ್ ಬೇಕು.

ಒಂಬತ್ತು ಬಾರಿ ಣಮೋಕಾರ ಮಂತ್ರ ಹೇಳಿ ಹೊರಡುವುದಕ್ಕೆ ನಿಂಬೆ ಬೇಕಿಲ್ಲ. ಕನ್ನಡಿಗೆ ತೂಗುಬಿಟ್ಟ ಹಾರವನ್ನು ಮಾತ್ರ ಹೊರಡುವ ಮುಂಚೆಯೇ ತೆಗೆಯಬೇಕು, ದಾರಿ ಕಾಣಬೇಕಲ್ಲ.