ಹಾಜರಿ ಪುಸ್ತಕದ ಸುಳ್ಳು ಲೆಕ್ಕ



ಫೆಬ್ರವರಿ ಬಂತೆಂದರೆ ನಮ್ಮ ಕೇರಿಗಳಲ್ಲಿ ಒಂದು ಅಳು ಕೇಳಿಸುತ್ತದೆ. 'ಹುಡುಗನಿಗೆ ಹಾಜರಿ ಸಾಲದಂತೆ, ಪರೀಕ್ಷೆಗೆ ಕೂರಿಸುವುದಿಲ್ಲವಂತೆ.' ರಾತ್ರಿ ಪಾಳಿ ಮುಗಿಸಿ ಬಂದ ತಂದೆ ನಿದ್ದೆಗಣ್ಣಿನಲ್ಲೇ ಶಾಲೆಗೆ ಓಡುತ್ತಾನೆ, ಕೈ ಮುಗಿಯುತ್ತಾನೆ. 'ಕಾನೂನು ಕಾನೂನೇ' ಎಂಬ ಉತ್ತರ ಪಡೆದು ಹಿಂತಿರುಗುತ್ತಾನೆ. ಲೆಕ್ಕ ಸರಿಯಿದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರುವ ವಿದ್ಯಾರ್ಥಿಗೆ ಶೇಕಡಾ 75 ಹಾಜರಿ ಇರಬೇಕು. ಶಾಲೆ ನಡೆದ ನಾಲ್ಕು ದಿನಗಳಲ್ಲಿ ಮೂರು ದಿನ ಬಂದಿರಬೇಕೆಂದು ಇದರ ಅರ್ಥ. ಈ ನಿಯಮವನ್ನು ಮುರಿಯಿರಿ ಎಂದು ನಾವು ಹೇಳುತ್ತಿಲ್ಲ. ನಿಯಮ ಹೇಳಿದಂತೆಯೇ ಎಣಿಸಿರಿ ಎನ್ನುತ್ತೇವೆ. ಮೇಷ್ಟರಾಗಿದ್ದಾಗ ನಾನೂ ತಪ್ಪಾಗಿ ಎಣಿಸಿದವನೇ. ಆದ್ದರಿಂದ ಈ ತಪ್ಪು ಎಲ್ಲಿ ಹುಟ್ಟುತ್ತದೆಂದು ಬಲ್ಲೆ.

ಹಾಜರಿ ಪುಸ್ತಕದಲ್ಲಿ ಪ್ರತಿ ತಿಂಗಳಿಗೆ ಒಂದು ಪುಟ. ತಿಂಗಳ ಕೊನೆಗೆ ಶಾಲೆ ನಡೆದ ದಿನ, ಹುಡುಗ ಬಂದ ದಿನ, ಶೇಕಡಾವಾರು ಇವನ್ನು ಬರೆಯುತ್ತಾರೆ. ವರ್ಷದ ಕೊನೆಗೆ ಅವಸರ. ಅರವತ್ತು ಮಕ್ಕಳ ಹೆಸರು, ಮೇಲಿಂದ ಮೇಲೆ ಬರುವ ಸುತ್ತೋಲೆ. ಮೇಷ್ಟರು ಸುಲಭದ ದಾರಿ ಹಿಡಿಯುತ್ತಾರೆ: ತಿಂಗಳ ಶೇಕಡಾವಾರುಗಳನ್ನೆಲ್ಲ ಕೂಡಿಸಿ ತಿಂಗಳುಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಅನ್ಯಾಯ ನಡೆಯುವುದು ಇಲ್ಲಿಯೇ.

ಒಬ್ಬ ಅಂಗಡಿಕಾರನ ಮಗನನ್ನು ತೆಗೆದುಕೊಳ್ಳೋಣ. ಲೆಕ್ಕ ಹಗುರವಾಗಲೆಂದು ದುಂಡು ಸಂಖ್ಯೆ ಹಿಡಿಯುತ್ತೇನೆ. ಜೂನ್‌ನಿಂದ ಫೆಬ್ರವರಿವರೆಗೆ ಒಂಬತ್ತು ತಿಂಗಳು. ಎಂಟು ತಿಂಗಳು ಶಾಲೆ 25 ದಿನದಂತೆ ನಡೆಯಿತು, ಹುಡುಗ 20 ದಿನದಂತೆ ಬಂದ. ತಿಂಗಳಿಗೆ ಶೇಕಡಾ 80. ಅಕ್ಟೋಬರ್‌ನಲ್ಲಿ ದಸರಾ ರಜೆ. ಶಾಲೆ ನಡೆದದ್ದು 10 ದಿನ ಮಾತ್ರ. ಹಬ್ಬದ ವ್ಯಾಪಾರಕ್ಕೆ ಅಪ್ಪನ ಜೊತೆ ಅಂಗಡಿಯಲ್ಲಿ ನಿಂತ ಹುಡುಗ 2 ದಿನ ಬಂದ, ಶೇಕಡಾ 20.

ಸುಲಭದ ದಾರಿಯ ಲೆಕ್ಕ: ಎಂಟು ಎಂಬತ್ತುಗಳು 640, ಅದಕ್ಕೆ 20 ಸೇರಿ 660. ಒಂಬತ್ತರಿಂದ ಭಾಗಿಸಿದರೆ ಶೇಕಡಾ 73.33. ಹುಡುಗ ಹೊರಗೆ!

ಸರಿಯಾದ ಲೆಕ್ಕ: ಶಾಲೆ ನಡೆದದ್ದು ಒಟ್ಟು 210 ದಿನ. ಹುಡುಗ ಬಂದದ್ದು 162 ದಿನ. ಶೇಕಡಾ 77.14. ಅವನಿಗೆ ಬೇಕಾದದ್ದು 158 ದಿನ. ನಾಲ್ಕು ದಿನ ಹೆಚ್ಚಿಗೇ ಬಂದಿದ್ದಾನೆ. ಹತ್ತು ದಿನದ ಅಕ್ಟೋಬರನ್ನು ಇಪ್ಪತ್ತೈದು ದಿನದ ತಿಂಗಳಿಗೆ ಸಮನಾಗಿ ತೂಗಿದ ತಪ್ಪಿಗೆ ಹುಡುಗನ ವರ್ಷವೇ ದಂಡ. ಸೇರಿನ ಕಲ್ಲಿನ ಜಾಗದಲ್ಲಿ ಅಚ್ಚೇರಿನ ಕಲ್ಲಿಟ್ಟು ಅದನ್ನೂ ಸೇರೆಂದು ಲೆಕ್ಕ ಹಿಡಿದರೆ ನಮ್ಮ ವ್ಯಾಪಾರಿ ಬಂಧುಗಳು ಒಪ್ಪುತ್ತಾರೆಯೇ?

'ತಂದೆತಾಯಿಗಳಿಗೆ ಜವಾಬ್ದಾರಿಯಿಲ್ಲ' ಎಂದು ದೊಡ್ಡವರು ಉಪದೇಶ ಮಾಡುತ್ತಾರೆ. ಸ್ವಾಮಿ, ತಿಳಿಸದೆ ಜವಾಬ್ದಾರಿ ಎಲ್ಲಿಂದ ಬರಬೇಕು? ಕೊರತೆಯನ್ನು ತುಂಬಲು ಎಷ್ಟು ದಿನ ಬೇಕೆಂದು ನೋಡಿರಿ. ನವೆಂಬರ್ ಹೊತ್ತಿಗೆ ಶಾಲೆ 120 ದಿನ ನಡೆದು ಹುಡುಗ 84 ದಿನ ಬಂದಿದ್ದಾನೆ ಎನ್ನೋಣ. ಬೇಕಾದದ್ದು 90, ಕೊರತೆ 6 ದಿನ. ಇನ್ನು ಆರು ದಿನ ಬಂದರೆ ಸರಿಹೋಯಿತೇ? ಇಲ್ಲ. ಅವನು ಒಂದು ದಿನ ಬಂದರೆ ಶಾಲೆಯೂ ಒಂದು ದಿನ ಮುಂದೆ ಹೋಗಿರುತ್ತದೆ, ಬೇಕಾದ ಹಾಜರಿಯೂ ಮುಕ್ಕಾಲು ದಿನ ಏರುತ್ತದೆ. ಉಳಿಯುವುದು ಕಾಲು ದಿನ ಮಾತ್ರ. ಆದ್ದರಿಂದ ಒಂದು ದಿನದ ಕೊರತೆಗೆ ನಾಲ್ಕು ದಿನ, ಆರಕ್ಕೆ ಇಪ್ಪತ್ತನಾಲ್ಕು ದಿನ ತಪ್ಪದೆ ಬರಬೇಕು. ನವೆಂಬರಿನಲ್ಲಿ ಹೇಳಿದರೆ ಇದು ಸಾಧ್ಯ. ಫೆಬ್ರವರಿ ಕೊನೆಗೆ ಹೇಳುವುದು ಎಚ್ಚರಿಕೆಯಲ್ಲ, ಶಿಕ್ಷೆ.

ನಮ್ಮವರಿಗೂ ಎರಡು ಮಾತು. ವೈದ್ಯರ ಚೀಟಿ ತಂದರೆ ಗೈರುಹಾಜರಿ ಹಾಜರಿಯಾಗುವುದಿಲ್ಲ. ಅದು ಗೈರಿಗೆ ಕಾರಣ ತೋರಿಸುವ ಕಾಗದ. ಪುಸ್ತಕದ ಅಂಕಿಯನ್ನು ಬದಲಿಸದು. ಮೇಷ್ಟರ ಕೈಹಿಡಿದು ಪುಸ್ತಕ ತಿದ್ದಿಸುವುದೂ ಬೇಡ. ಇಂದು ನಮ್ಮ ಪರವಾಗಿ ತಿದ್ದಿದ ಕೈ ನಾಳೆ ನಮ್ಮ ವಿರುದ್ಧ ತಿದ್ದಬಲ್ಲದು. ನಿಜವಾಗಿ 70 ಇದ್ದವನನ್ನು ಸರಿಲೆಕ್ಕ ಉಳಿಸುವುದಿಲ್ಲ. ಆದರೆ 77 ಇದ್ದವನನ್ನು ತಪ್ಪುಲೆಕ್ಕ ಮುಳುಗಿಸಬಾರದು.

ಆದ್ದರಿಂದ ಶಾಲೆಗೆ ಹೋದಾಗ ಕೈ ಮುಗಿಯಬೇಡಿರಿ, ಎರಡು ಸಂಖ್ಯೆ ಕೇಳಿರಿ: ಶಾಲೆ ಒಟ್ಟು ಎಷ್ಟು ದಿನ ನಡೆಯಿತು? ನನ್ನ ಮಗು ಒಟ್ಟು ಎಷ್ಟು ದಿನ ಬಂತು? ಎರಡನೆಯದನ್ನು ನೂರರಿಂದ ಗುಣಿಸಿ ಮೊದಲನೆಯದರಿಂದ ಭಾಗಿಸಿರಿ. ನಿಮ್ಮ ಉತ್ತರಕ್ಕೂ ಅವರ ಉತ್ತರಕ್ಕೂ ವ್ಯತ್ಯಾಸ ಕಂಡರೆ ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ಕೊಡಿರಿ.

ನಮ್ಮ ಬೇಡಿಕೆಯೂ ಎರಡೇ. ವರ್ಷದ ಹಾಜರಿಯನ್ನು ಒಟ್ಟು ದಿನಗಳಿಂದ ಎಣಿಸಬೇಕು. ಪ್ರತಿ ತಿಂಗಳೂ ಆ ಎರಡು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಮನೆಗೆ ಕಳಿಸಬೇಕು. ಇದಕ್ಕೆ ಸರ್ಕಾರದ ಬೊಕ್ಕಸದಿಂದ ಹಣ ಬೇಡ. ಗಿರಣಿಯಲ್ಲಿ ಅರ್ಧ ದಿನದ ಕೂಲಿ ಕಡಿದರೆ ಲೆಕ್ಕ ಕೇಳುವ ನಾವು, ಮಗನ ಒಂದು ವರ್ಷ ಕಡಿದಾಗ ಸುಮ್ಮನಿರಬೇಕೇ?