"ಇದ್ದೀರಾ?" ಅಂದವರಿಗೆ "ಹೂಂ, ಹೇಳಿ" ಅನ್ನಬೇಡಿ ಮಾರಾಯ್ರೇ

ವಾಟ್ಸಾಪಿನಲ್ಲಿ "ಇದ್ದೀರಾ?" ಅಂತ ಬಂದ ಕೂಡಲೇ ಕೆಲವರಿಗೆ ಪಿತ್ತ ನೆತ್ತಿಗೇರುತ್ತದೆ. "ಸ್ವಲ್ಪ ಕಾಯಲಿಕ್ಕೆ ಆಗುವುದಿಲ್ಲವಾ ಇವರಿಗೆ?" ಅಂತ. ನಾನು ಹೇಳುವುದು, ಅದು ಅವಸರ ಅಲ್ಲ, ಹೆದರಿಕೆ. ನನ್ನನ್ನು ಬೇಕೆಂದೇ ಬದಿಗೆ ಬಿಟ್ಟರಾ ಅಂತ ಹೆದರಿಕೆ.

ನಮ್ಮ ಸವಣೂರು ಕಡೆಯ ಜೂನ್ ತಿಂಗಳನ್ನೇ ತೆಗೆದುಕೊಳ್ಳಿ. ಮಳೆ ಸ್ವಲ್ಪ ಬಿಟ್ಟಿದೆ, ಅಡಿಕೆಗೆ ಕೊಳೆರೋಗದ ಮದ್ದು ಬಿಡಬೇಕು. ಒಬ್ಬರು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣದ ಲೆಕ್ಕದಲ್ಲಿ ಬೋರ್ಡೋ ಮಾಡಿದ್ದಾರೆ. ಕಬ್ಬಿಣದ ಚೂರಿ ಅದ್ದಿ ನೋಡಿದರೆ ಅಲಗಿನ ಮೇಲೆ ಕೆಂಪು ಕೂತಿದೆ. ತಿಳಿದವರಿಗೆ ಫೋಟೋ ಕಳಿಸಿ "ಎಂತ ಮಾಡುವುದು ಅಣ್ಣಾ?" ಅಂತ ಕೇಳುತ್ತಾರೆ. ಅರ್ಧ ಗಂಟೆ ಉತ್ತರ ಇಲ್ಲ. ಮಾಡಿದ ಮದ್ದನ್ನು ಅದೇ ದಿನ ಬಿಡಬೇಕು, ಕೆಲಸದವರು ಕಾಯುತ್ತಿದ್ದಾರೆ, ಮೋಡ ಕಟ್ಟುತ್ತಿದೆ. ಆಗ ಬರುವುದು ಈ "ಇದ್ದೀರಾ?".

ಆ ಟಿಕ್ ಗುರುತುಗಳಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಒಂದೇ ಟಿಕ್ ಅಂದರೆ ಮೆಸೇಜು ನಿಮ್ಮ ಫೋನಿಗೇ ಮುಟ್ಟಿಲ್ಲ. ಕರೆಂಟು ಹೋಗಿ ಟವರ್ ಮಲಗಿರಬಹುದು. ಎರಡು ಬೂದು ಟಿಕ್ ಅಂದರೆ ಫೋನಿಗೆ ಮುಟ್ಟಿದೆ, ಅಷ್ಟೇ. ಫೋನ್ ಜಗಲಿಯಲ್ಲಿ, ನೀವು ತೋಟದಲ್ಲಿ. ಅಥವಾ ನೀಲಿ ಟಿಕ್ ಕಾಣದ ಹಾಗೆ ನೀವೇ ಮಾಡಿಟ್ಟಿರಬಹುದು, ಓದಿದರೂ ಅದು ಬೂದಾಗಿಯೇ ಇರುತ್ತದೆ. ನೀಲಿ ಆಗಿಯೂ ಉತ್ತರ ಇಲ್ಲದಿದ್ದರಂತೂ ಮುಗಿಯಿತು, ಕಾದವರ ಮನಸ್ಸು ಕೆಟ್ಟದ್ದನ್ನೇ ಊಹಿಸುತ್ತದೆ.

ಇಂಥವರಿಗೆ "ಹೂಂ, ಹೇಳಿ" ಅಂದರೆ ಹೇಗೆ? ಅವರು ಹೇಳಿ ಅರ್ಧ ಗಂಟೆಯಾಯಿತು! ನೀವು ಓದಿಯೇ ಇಲ್ಲ ಅಂತ ಆಯಿತು. "ಬಿಜಿ ಇದ್ದೆ" ಅಂದರೆ ಇನ್ನೂ ಕಡೆ, ಕೇಳಿದ್ದೇ ತಪ್ಪು ಅನ್ನಿಸುತ್ತದೆ. ಬರೀ ಹೆಬ್ಬೆಟ್ಟಿನ ಚಿತ್ರಕ್ಕೆ ಅರ್ಥವೇ ಇಲ್ಲ.

ಸರಿಯಾದ ಉತ್ತರ ಹೀಗೆ: "ಇದ್ದೇನೆ. ಚೂರಿಯ ಫೋಟೋ ಈಗ ನೋಡಿದೆ. ಹುಳಿ ಉಳಿದಿದೆ, ಸುಣ್ಣದ ತಿಳಿ ಸ್ವಲ್ಪ ಸ್ವಲ್ಪ ಸೇರಿಸಿ, ಕೆಂಪು ಕೂರದಿದ್ದರೆ ಬಿಡಿ. ನೆಟ್‌ವರ್ಕ್ ಇರಲಿಲ್ಲ." ಇದ್ದೇನೆ ಅನ್ನುವುದು ಮೊದಲು, ಓದಿದ್ದಕ್ಕೆ ಗುರುತು ಆಮೇಲೆ, ಉತ್ತರ ಅದರ ಬೆನ್ನಿಗೆ. ತಡವಾದ ಕಾರಣ ಕೊನೆಗೆ, ಒಂದೇ ಸಾಲು. ಕಾರಣದ ಪುರಾಣವೇ ಮುಂದೆ ಬಂದರೆ ಕಾದವರು ಇನ್ನೂ ಕಾಯಬೇಕು.

"ಎಲ್ಲರಿಗೂ ಹೀಗೆ ಬರೆಯುತ್ತಾ ಕೂತರೆ ನಮ್ಮ ಕೆಲಸ?" ಅನ್ನುತ್ತೀರಿ. ಪುರುಸೊತ್ತಿಲ್ಲದಿದ್ದರೆ "ಇದ್ದೇನೆ, ಕೆಂಪು ಕೂತದ್ದು ನೋಡಿದೆ, 3 ಗಂಟೆಗೆ ಹೇಳ್ತೇನೆ, ಅಷ್ಟರವರೆಗೆ ಬಿಡಬೇಡಿ" ಅಂದರೆ ಸಾಕು. ಆದರೆ 3 ಗಂಟೆಗೆ ಹೇಳಲೇಬೇಕು, ಇಲ್ಲದಿದ್ದರೆ ಮೊದಲಿನ ಮೌನವೇ ವಾಸಿ. ಗೊತ್ತಿಲ್ಲವಾ? "ನನಗೆ ಗೊತ್ತಿಲ್ಲ, ವಿಟ್ಲದ ಸಿಪಿಸಿಆರ್‌ಐಗೆ ಕೇಳಿ" ಅನ್ನಿ. ಅವರು ಕಾಯುವುದಾದರೂ ತಪ್ಪುತ್ತದೆ.

ಅಂಗಳದಲ್ಲಿ ನಿಂತು "ಇದ್ದೀರಾ?" ಅಂತ ಕರೆದವರಿಗೆ, ಕೈ ಹಿಟ್ಟಾಗಿದ್ದರೂ ಒಳಗಿಂದ "ಇದ್ದೇವೆ, ಬಂದೆ" ಅಂತ ಕೂಗುವ ಊರು ನಮ್ಮದು. ಫೋನಿನಲ್ಲಿ ಮಾತ್ರ ಯಾಕೆ ಈ ಬಿಗುಮಾನ? ನೀವೇನಂತೀರಿ?